ಹೊಸ ಪರಿಚಯ, ಮೊದಲ ಹುಟ್ಟುಹಬ್ಬ, ಒಂದು ತುಂಟ ಸಂದೇಶ: ಪ್ರಕರಣ ಅಧ್ಯಯನ

ಸಂದರ್ಭ ಇಷ್ಟು. ಇಬ್ಬರಿಗೂ ಬೇಕಾದ ಗೆಳತಿಯೊಬ್ಬಳ ಮದುವೆಯಲ್ಲಿ ಆತನಿಗೂ ಆಕೆಗೂ ಪರಿಚಯವಾಯಿತು. ಇಬ್ಬರದೂ 27-28ರ ಪ್ರಾಯ. ವಾಪಸ್ ಬರುವಾಗ ಒಂದೇ ಕಾರಿನಲ್ಲಿ ಜಾಗ ಸಿಕ್ಕಿತು, ಫೋಟೊ ಕಳಿಸುವ ನೆಪದಲ್ಲಿ ನಂಬರ್ ಕೈಬದಲಾಯಿತು, ಅಲ್ಲಿಂದ ಮೂರು ವಾರ ವಾಟ್ಸ್ಆ್ಯಪ್‌ನಲ್ಲಿ ಮಾತು ನಡೆದಿದೆ. ಮತ್ತೆ ಭೇಟಿಯಾಗಿಲ್ಲ. ಇನ್ನು ನಾಲ್ಕು ದಿನಕ್ಕೆ ಆಕೆಯ ಹುಟ್ಟುಹಬ್ಬ. ಆತನಿಗೆ ಆಕೆ ಇಷ್ಟ, ಆದರೆ ಹೇಳಿಲ್ಲ; ಹೇಳುವಷ್ಟು ಸಲಿಗೆಯೂ ಇನ್ನೂ ಬಂದಿಲ್ಲ. ಎಲ್ಲರಂತೆ ಒಣ ಶುಭಾಶಯ ಕಳಿಸಲು ಮನಸ್ಸಿಲ್ಲ, ಆಕೆಗೆ ಇರಿಸುಮುರಿಸಾಗುವಂಥದ್ದನ್ನು ಕಳಿಸಲು ಧೈರ್ಯವಿಲ್ಲ. ಈ ಎರಡರ ನಡುವಿನ ಸಂದೇಶ ಹೇಗೆ ತಯಾರಾಯಿತು, ಮೊದಲ ಎರಡು ಕರಡುಗಳು ಯಾಕೆ ಕಸದ ಬುಟ್ಟಿ ಸೇರಿದವು, ಉತ್ತರ ಬಂದ ಮೇಲೆ ಏನಾಯಿತು ಎಂಬುದೇ ಈ ಬರಹ. ಇಲ್ಲಿ ಕಳಿಸುವವನು ಹುಡುಗ. ಹುಡುಗಿ ಕಳಿಸುವುದಾದರೂ ಲೆಕ್ಕಾಚಾರ ಬದಲಾಗುವುದಿಲ್ಲ.

ಮೊದಲು ಹಳೇ ಚಾಟ್

ಬರೆಯಲು ಕೂರುವ ಮೊದಲು ಮೂರು ವಾರದ ಚಾಟನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಬೇಕು. ಸಲಿಗೆ ಈಗ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನೆನಪು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಇಷ್ಟಪಟ್ಟವರ ನೆನಪಿನಲ್ಲಿ ಆಕೆ ಕಳಿಸಿದ ಒಂದು ನಗುಮುಖ ಹತ್ತಾಗಿರುತ್ತದೆ.

ಓದುವಾಗ ಗಮನಿಸಬೇಕಾದದ್ದು ಮೂರೇ. ಮಾತು ಶುರುಮಾಡುವವರು ಯಾರು, ಆಕೆ ಉತ್ತರದ ಜೊತೆ ತಿರುಗಿ ಪ್ರಶ್ನೆ ಕೇಳುತ್ತಾಳೆಯೇ, ಕಾಲೆಳೆಯುವುದು ಎರಡೂ ಕಡೆಯಿಂದ ಇದೆಯೇ. ಈ ಪ್ರಕರಣದಲ್ಲಿ ಹತ್ತು ಸಲ ಮಾತು ಶುರುವಾಗಿದ್ದರೆ ನಾಲ್ಕು ಸಲ ಆಕೆಯಿಂದ. "ನಿಮ್ಮ ಕಡೆ ಹೇಗೆ?", "ಆಮೇಲೇನಾಯ್ತು?" ಎಂದು ಎಳೆ ಮುಂದುವರಿಸಿದ್ದಾಳೆ. ಎರಡನೇ ವಾರದಲ್ಲಿ ಆತನಿಗೆ "ಪುಸ್ತಕ ಪೊಲೀಸ್" ಎಂದು ಅಡ್ಡಹೆಸರು ಇಟ್ಟಿದ್ದಾಳೆ. ಅಡ್ಡಹೆಸರು ಸಣ್ಣ ಸಂಗತಿಯಲ್ಲ. ಬೇಡದವರಿಗೆ ಯಾರೂ ಅಡ್ಡಹೆಸರು ಹುಡುಕುತ್ತಾ ಕೂರುವುದಿಲ್ಲ. ಇನ್ನೊಂದು ಬದಿಯಲ್ಲಿ, ಇಬ್ಬರೂ ಇನ್ನೂ "ನೀವು" ಎಂದೇ ಮಾತಾಡುತ್ತಿದ್ದಾರೆ. ರಾತ್ರಿ ಹತ್ತೂವರೆ ದಾಟಿ ಮಾತು ಹೋಗಿಲ್ಲ. ರೂಪದ ಬಗ್ಗೆ ಒಬ್ಬರು ಇನ್ನೊಬ್ಬರಿಗೆ ಒಂದು ಮಾತೂ ಆಡಿಲ್ಲ.

ಅಂದರೆ ತಮಾಷೆಗೆ ಬಾಗಿಲು ತೆರೆದಿದೆ, ಹೊಗಳಿಕೆಗೆ ಇನ್ನೂ ಇಲ್ಲ. ಹುಟ್ಟುಹಬ್ಬದ ಸಂದೇಶ ಈಗಿರುವ ಸಲಿಗೆಗಿಂತ ಒಂದು ಮೆಟ್ಟಿಲು ಮಾತ್ರ ಮೇಲಿರಬಹುದು. ತಮಾಷೆಯಲ್ಲೇ ಒಂದು ಸುಳಿವು ಬೆರೆಸಿದರೆ ಅದು ಒಂದು ಮೆಟ್ಟಿಲು. ತಮಾಷೆ ಬಿಟ್ಟು ನೇರ ಪ್ರೀತಿಯ ಮಾತಿಗೆ ಹೋದರೆ ನಾಲ್ಕು.

ಹುಟ್ಟುಹಬ್ಬದ ದಿನಾಂಕ ಹೇಗೆ ಗೊತ್ತಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಆಕೆಯೇ ಹೇಳಿದ್ದಳು: "14ಕ್ಕೆ ರಜೆ ಹಾಕಿದೀನಿ, ಹುಟ್ಟಿದ ದಿನ ಕೆಲಸ ಮಾಡಬಾರದು ಅನ್ನೋದು ನನ್ನ ನಿಯಮ." ಆಕೆ ಹೇಳಿದ್ದನ್ನು ನೆನಪಿಟ್ಟುಕೊಂಡರೆ ಅದು ಅಕ್ಕರೆ. ಆಕೆಯ ಐದು ವರ್ಷದ ಹಳೆಯ ಪೋಸ್ಟ್‌ಗಳನ್ನು ಕೆದಕಿ ಪತ್ತೆಹಚ್ಚಿದ್ದರೆ, ಸಂದೇಶ ಎಷ್ಟೇ ಚೆನ್ನಾಗಿದ್ದರೂ "ಇವನಿಗೆ ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆ ಮೊದಲು ಏಳುತ್ತದೆ, ತಮಾಷೆ ಆ ಪ್ರಶ್ನೆಯ ಹಿಂದೆ ನಿಲ್ಲುತ್ತದೆ. ಅಂಥ ಸಂದರ್ಭದಲ್ಲಿ ಸರಳ ಶುಭಾಶಯ ಸಾಕು. ತುಂಟತನ ಇನ್ನೊಂದು ದಿನಕ್ಕಿರಲಿ.

ಮೊದಲ ಕರಡು

ಆತ ಮೊದಲು ಬರೆದದ್ದು ಹೀಗಿತ್ತು:

"ಹ್ಯಾಪಿ ಬರ್ತ್‌ಡೇ ಬ್ಯೂಟಿಫುಲ್! ನೀನು ನನ್ನ ಲೈಫಿಗೆ ಬಂದ್ಮೇಲೆ ಎಲ್ಲಾನೂ ಚೇಂಜ್ ಆಗಿದೆ. ಮದುವೆ ದಿನ ಆ ಹಸಿರು ಡ್ರೆಸ್‌ನಲ್ಲಿ ನಿನ್ನ ನೋಡ್ದಾಗ್ಲೇ ಏನೋ ಆಗೋಯ್ತು. ದಿನಾ ನಿನ್ನ ಮೆಸೇಜ್‌ಗೆ ಕಾಯ್ತಿರ್ತೀನಿ. ನಿನ್ನ ಎಲ್ಲಾ ಆಸೆ ಈಡೇರ್ಲಿ, ಅದ್ರಲ್ಲಿ ನಾನೂ ಒಂದಾಗಿರ್ಲಿ. ಯಾವಾಗ ಸಿಗೋಣ?"

ಕೊನೆಗೆ ಮೂರು ಕೆಂಪು ಹೃದಯ, ಒಂದು ಮುತ್ತಿಡುವ ಮುಖ. ಕಳಿಸುವ ಸಮಯ ರಾತ್ರಿ ಹನ್ನೆರಡು.

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಒಂದು ವರ್ಷದಿಂದ ಜೊತೆಗಿರುವ ಹುಡುಗಿಗೆ ಕಳಿಸಿದ್ದರೆ ಆಕೆ ಖುಷಿಪಡುತ್ತಿದ್ದಳು. ತೊಂದರೆ ಏನೆಂದರೆ ಪ್ರತಿ ಸಾಲೂ ಆಕೆಯ ಮೇಲೊಂದು ಜವಾಬ್ದಾರಿ ಹೊರಿಸುತ್ತದೆ. "ಎಲ್ಲಾನೂ ಚೇಂಜ್ ಆಗಿದೆ" ಎನ್ನುವುದು ಮೂರು ವಾರದ ಮಾತಿಗೆ ತೀರಾ ದೊಡ್ಡದು. ಓದಿದವಳು ತಾನು ಏನು ಮಾಡಿಬಿಟ್ಟೆ ಎಂದು ಗಾಬರಿಯಾಗುತ್ತಾಳೆ. "ಕಾಯ್ತಿರ್ತೀನಿ" ಎಂದು ತಿಳಿದ ಮೇಲೆ ನಾಳೆ ತಡವಾಗಿ ಉತ್ತರಿಸಲೂ ಆಕೆಗೆ ಮುಜುಗರ. "ಅದ್ರಲ್ಲಿ ನಾನೂ ಒಂದಾಗಿರ್ಲಿ" ಎಂಬ ಸಾಲು ಚುರುಕಾಗಿ ಕಂಡರೂ ಅದಕ್ಕೆ ಇರುವುದು ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಇನ್ನು "ಯಾವಾಗ ಸಿಗೋಣ?" ಎಂಬ ಪ್ರಶ್ನೆ ಶುಭಾಶಯವನ್ನೇ ಅರ್ಜಿಯನ್ನಾಗಿ ಮಾಡುತ್ತದೆ. ಹುಟ್ಟುಹಬ್ಬದ ದಿನ ಆಕೆಗೆ ಏನಾದರೂ ಸಿಗಬೇಕು, ಆಕೆಯಿಂದ ಏನೂ ಕೇಳಬಾರದು.

ಹಸಿರು ಡ್ರೆಸ್ಸಿನ ಮಾತು ಸ್ವಲ್ಪ ಬೇರೆ. ರೂಪದ ಹೊಗಳಿಕೆ ಯಾವತ್ತೂ ತಪ್ಪು ಎಂದಲ್ಲ. ಆದರೆ ಮೂರು ವಾರ ಆ ವಿಷಯ ಎತ್ತದೆ ಇದ್ದು, ಈಗ "ನೋಡ್ದಾಗ್ಲೇ ಏನೋ ಆಗೋಯ್ತು" ಎಂದರೆ, ಇಷ್ಟು ದಿನ ಆಡಿದ ಪುಸ್ತಕದ ಮಾತೆಲ್ಲ ನೆಪವಾಗಿತ್ತೇ ಎಂಬ ಅನುಮಾನ ಬರುತ್ತದೆ. ಹಿಂದಿನ ಒಳ್ಳೆಯ ಮಾತುಗಳ ಬೆಲೆಯನ್ನೂ ಅದು ಇಳಿಸುತ್ತದೆ. ಆಕೆಯ ರುಚಿ, ವಾದ, ಹಟ, ನಗೆ ಇಂಥವನ್ನು ಮೆಚ್ಚಿದರೆ ಆ ಅಪಾಯವಿಲ್ಲ, ಏಕೆಂದರೆ ಅವು ಚಾಟ್‌ನಲ್ಲಿ ಈಗಾಗಲೇ ಇವೆ.

"ನೀವು" ಬಿಟ್ಟು "ನೀನು" ಹಿಡಿದದ್ದು ಇಡೀ ಕರಡಿನ ದೊಡ್ಡ ಎಡವಟ್ಟು. ಆ ಬದಲಾವಣೆ ಮಾತಿನ ನಡುವೆ, ಒಬ್ಬರು ಹಗುರಾಗಿ "ಹೋಗಿ ಬನ್ನಿ ಎಲ್ಲ ಬೇಡ" ಎಂದಾಗ, ಅಥವಾ ಬಾಯಿತಪ್ಪಿ "ನೀನು" ಬಂದು ಇನ್ನೊಬ್ಬರು ಅದನ್ನು ಹಾಗೇ ಬಿಟ್ಟಾಗ ಆಗುವಂಥದ್ದು. ಒಂದು ಮುಖ್ಯ ಸಂದೇಶದಲ್ಲಿ ಒಮ್ಮೆಲೇ ಬಂದರೆ ಅದು ಸಲಿಗೆ ಅನ್ನಿಸದೆ ಅಧಿಕಾರ ಅನ್ನಿಸುತ್ತದೆ. ಅದೂ ಅಲ್ಲದೆ "ನೀವು" ಎನ್ನುತ್ತಲೇ ತುಂಟತನ ಮಾಡುವುದರಲ್ಲಿ ಒಂದು ಸೊಗಸಿದೆ. ಮರ್ಯಾದೆಯ ಮಾತಿನೊಳಗಿನ ಕೀಟಲೆ ಇನ್ನಷ್ಟು ಚೆನ್ನಾಗಿ ಕಚಗುಳಿಯಿಡುತ್ತದೆ.

ಎರಡನೇ ಕರಡು

ಮೊದಲನೆಯದಕ್ಕೆ ತಾನೇ ಹೆದರಿ ಆತ ಬರೆದ ಎರಡನೆಯದು: "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ದೇವರು ನಿಮಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ." ಸಂಘದ ಕಾರ್ಯದರ್ಶಿ ಸದಸ್ಯರಿಗೆ ಕಳಿಸುವ ಹಾಗಿದೆ. ಇದಕ್ಕೆ ಆಕೆ "ಧನ್ಯವಾದಗಳು" ಎಂದಷ್ಟೇ ಹೇಳಬಲ್ಲಳು, ಮಾತು ಅಲ್ಲಿಗೆ ಮುಗಿಯುತ್ತದೆ. ಪುಸ್ತಕ ಪೊಲೀಸ್ ಎಂದು ಕರೆದವಳಿಗೆ ಇದು ಒಂದು ಮೆಟ್ಟಿಲು ಕೆಳಗೆ ಇಳಿದಂತೆ. ಆತನಿಗೆ ಆಸಕ್ತಿ ಇಲ್ಲವೇನೋ ಎಂದು ಆಕೆ ಅಂದುಕೊಂಡರೆ ತಪ್ಪಿಲ್ಲ. ಎಲ್ಲಿಂದಲೋ ನಕಲು ಮಾಡಿದ ಪ್ರಾಸದ ಕವನ ಕಳಿಸಿದರೂ ಇದೇ ಗತಿ. ಅದೇ ಕವನ ಅದೇ ದಿನ ಇನ್ಯಾರಿಂದಲೋ ಬಂದರಂತೂ ಕೇಳುವುದೇ ಬೇಡ.

ಸರಕು ಯಾವುದು

ಮೂರನೇ ಕರಡಿಗೆ ಆತ ಚಾಟ್‌ಗೆ ಹಿಂತಿರುಗಿದ. ತುಂಟ ಸಂದೇಶದ ಸರಕು ಇಬ್ಬರ ನಡುವೆ ಮಾತ್ರ ಇರುವಂಥದ್ದಾಗಿರಬೇಕು, ಆಗ ಅದನ್ನು ಬೇರೆ ಯಾರಿಗೂ ಕಳಿಸಲು ಬರುವುದಿಲ್ಲ, ಆಕೆಗೂ ಅದು ಗೊತ್ತಾಗುತ್ತದೆ. ಮೂರು ಸಂಗತಿಗಳು ಸಿಕ್ಕವು.

ಮೊದಲನೆಯದು, ಆಕೆಗೆ ಹಲ್ಲಿ ಕಂಡರೆ ಭಯ. ಒಮ್ಮೆ ಹೇಳಿಕೊಂಡು ನಕ್ಕಿದ್ದಳು. ಆದರೆ ಒಮ್ಮೆ ಮಾತ್ರ. ಅದರ ಮೇಲೆ ತಮಾಷೆ ಮಾಡಿದರೆ ಹುಟ್ಟುಹಬ್ಬದ ದಿನ ಆಕೆಯ ದೌರ್ಬಲ್ಯ ಎತ್ತಾಡಿದಂತೆ. ಎರಡನೆಯದು, ಕೆಲಸ ಬದಲಿಸುವ ವಿಚಾರದಲ್ಲಿ ಮನೆಯವರೊಂದಿಗೆ ಜಗಳವಾಗಿ ಬೇಸರದಲ್ಲಿದ್ದಾಗ ಒಂದು ಸಂಜೆ ಮನಸ್ಸು ಬಿಚ್ಚಿ ಮಾತಾಡಿದ್ದಳು. ಇದು ಹೆಚ್ಚು ಆಪ್ತವಾದ ಸಂಗತಿ ಎಂಬುದೇ ಇದನ್ನು ಬಿಡಲು ಕಾರಣ. ನಂಬಿ ಹೇಳಿದ್ದು ತುಂಟತನದ ಸರಕಲ್ಲ; ಅದನ್ನು "ನಿಮ್ಮ ಜೊತೆ ನಾನಿದ್ದೀನಿ" ಎಂಬ ಸಾಲಿಗೆ ಬಳಸಿದರೆ ಆಕೆ ಇನ್ನು ಮುಂದೆ ಹೇಳಿಕೊಳ್ಳುವ ಮೊದಲು ಯೋಚಿಸುತ್ತಾಳೆ.

ಮೂರನೆಯದು ಕೊನೇ ಪುಟದ ಗಲಾಟೆ. ಆಕೆ ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡರೆ ಮೊದಲು ಓದುವುದು ಕೊನೇ ಪುಟ. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ನೆಮ್ಮದಿಯಾಗಿ ಶುರುವಿನಿಂದ ಓದುತ್ತಾಳೆ. ಆತನಿಗೆ ಇದು ಸಹಿಸಲಾಗದ ಅಪರಾಧ. ಇದರ ಮೇಲೆ ಮೂರು ಸಲ ವಾದ ನಡೆದಿದೆ, ಅದರಲ್ಲಿ ಎರಡು ಸಲ ಕೆಣಕಿದ್ದು ಆಕೆ. ಪುಸ್ತಕ ಪೊಲೀಸ್ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ಯಾವ ತಮಾಷೆಯನ್ನು ಆಕೆಯೇ ಕನಿಷ್ಠ ಒಂದು ಸಲ ತಾನಾಗಿ ಮತ್ತೆ ಎತ್ತಿದ್ದಾಳೋ ಅದು ಇಬ್ಬರದೂ ಆಗಿರುತ್ತದೆ. ಆತ ಮಾತ್ರ ಎತ್ತುತ್ತಾ ಆಕೆ ನಗುಮುಖ ಹಾಕಿ ಮುಗಿಸುತ್ತಿದ್ದರೆ ಅದು ಆತನೊಬ್ಬನದು.

ಇಂಥದ್ದು ಒಂದೂ ಸಿಗದಿದ್ದರೆ ತುಂಟ ಸಂದೇಶಕ್ಕೆ ಇನ್ನೂ ಹೊತ್ತಾಗಿಲ್ಲ ಎಂದು ತಿಳಿದು, ಬೆಚ್ಚಗಿನ ಎರಡು ಸಾಲು ಬರೆದು ಸುಮ್ಮನಾಗುವುದು ಮೇಲು.

ಮೂರನೇ ಕರಡು

ಕೊನೇ ಪುಟದಿಂದ ಸುಳಿವಿಗೆ ದಾರಿ ಹೇಗೆ? ಆಕೆಯ ಹೊಸ ವರ್ಷವನ್ನೇ ಪುಸ್ತಕ ಮಾಡಿದರೆ ಕೆಲಸ ಸುಲಭ. ಆ ಪುಸ್ತಕದಲ್ಲಿ ಆತನಿಗೊಂದು ಪಾತ್ರ ಸಿಗುತ್ತದೆ. ಯಾವ ಪಾತ್ರ ಎಂಬಲ್ಲೇ ಎಡವುವುದು. ಆತನ ಮೊದಲ ಯತ್ನ "ಈ ವರ್ಷದ ಕಥೇಲಿ ಹೀರೋ ಎಂಟ್ರಿ ಇದೆ" ಎಂದಿತ್ತು. ತನಗೆ ತಾನೇ ಹೀರೋ ಪಟ್ಟ ಕಟ್ಟಿಕೊಂಡರೆ ಅದನ್ನು ಕೊಡುವ ಖುಷಿ ಆಕೆಗೆ ಉಳಿಯುವುದಿಲ್ಲ. ಎರಡನೆಯದು "ಕೊನೇ ಪುಟದಲ್ಲಿ ನಾನಿರ್ತೀನಿ ನೋಡಿ." ಕೇಳಲು ಚೆಂದ, ಆದರೆ ಕೊನೇ ಪುಟ ಎಂದರೆ ಕೊನೆಯವರೆಗೂ ಎಂದಾಯಿತು. ಮೂರು ವಾರಕ್ಕೇ ಮದುವೆ ಪ್ರಸ್ತಾಪದ ವಾಸನೆ.

ಕೊನೆಗೆ ನಿಂತದ್ದು ಇದು:

"ಹುಟ್ಟುಹಬ್ಬದ ಶುಭಾಶಯಗಳು! ಇವತ್ತಿನ ರಜೆ ಪೂರ್ತಿ ನಿಮ್ಮದೇ ಆಗ್ಲಿ.

ಒಂದೇ ಕೋರಿಕೆ: ಈ ವರ್ಷಾನಾದ್ರೂ ಕೊನೇ ಪುಟದಿಂದ ಶುರು ಮಾಡ್ಬೇಡಿ. ಮೂರನೇ ಅಧ್ಯಾಯದಲ್ಲಿ ಒಬ್ಬ ಬರ್ತಾನೆ. ಮಾತು ಸ್ವಲ್ಪ ಜಾಸ್ತಿ, ಆದ್ರೆ ಕೊಲೆಗಾರ ಅಲ್ಲ."

ಒಟ್ಟು 25 ಪದ. ಆಕೆ ಸಾಮಾನ್ಯವಾಗಿ ಕಳಿಸುವುದು ಹತ್ತು ಹನ್ನೆರಡು ಪದದ ಸಂದೇಶ. ಅದರ ಎರಡು ಪಟ್ಟು ವಿಶೇಷ ದಿನಕ್ಕೆ ಸರಿ. ಐದು ಪಟ್ಟಾದರೆ ಉತ್ತರವನ್ನೂ ಅಷ್ಟೇ ಉದ್ದ ಬರೆಯಬೇಕೇನೋ ಎಂಬ ಹೊರೆಯಾಗಿ, ಆಕೆ "ಆಮೇಲೆ ಬರೀತೀನಿ" ಎಂದು ಮುಂದೂಡುತ್ತಾಳೆ. ಹುಟ್ಟುಹಬ್ಬದ ದಿನ ಮುಂದೂಡಿದ ಉತ್ತರ ಹಾಗೇ ಮರೆತುಹೋಗುವುದೇ ಹೆಚ್ಚು.

ಮೊದಲ ಸಾಲು ಬರೀ ಶುಭಾಶಯ, ಜೊತೆಗೆ ರಜೆಯ ಮಾತು. ಆಕೆ ಹೇಳಿದ ನಿಯಮ ನೆನಪಿದೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. "ನೀವು ಹೇಳಿದ್ದು ನೆನಪಿದೆ ನೋಡಿ" ಎಂದು ಬೆರಳು ತೋರಿಸಬೇಕಿಲ್ಲ. ತುಂಟತನವನ್ನು ಎರಡನೇ ಭಾಗಕ್ಕೆ ತಳ್ಳಿದ್ದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. ಹುಟ್ಟುಹಬ್ಬದ ದಿನ ಆಕೆಯ ಫೋನು ಆಕೆಯ ಕೈಯಲ್ಲಷ್ಟೇ ಇರುವುದಿಲ್ಲ. ಫೋಟೊ ತೆಗೆಯಲು ತಂಗಿಯ ಕೈಗೆ, ಕರೆ ಎತ್ತಲು ಅಮ್ಮನ ಕೈಗೆ ಹೋಗುತ್ತದೆ. ಲಾಕ್ ಆದ ತೆರೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಸಂದೇಶದ ಮೊದಲ ಭಾಗ. ಅಲ್ಲಿ "ಹುಟ್ಟುಹಬ್ಬದ ಶುಭಾಶಯಗಳು" ಎಂದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. "ಹ್ಯಾಪಿ ಬರ್ತ್‌ಡೇ ಬ್ಯೂಟಿಫುಲ್" ಎಂದಿದ್ದರೆ ಆಕೆ ಇಡೀ ಮನೆಗೆ ವಿವರಣೆ ಕೊಡಬೇಕು, ಇನ್ನೂ ತನಗೇ ಸ್ಪಷ್ಟವಿಲ್ಲದ ಒಂದು ವಿಷಯಕ್ಕೆ. ಎರಡನೇ ಭಾಗವನ್ನು ಯಾರಾದರೂ ಪೂರ್ತಿ ಓದಿದರೂ ಪುಸ್ತಕದ ಮಾತು ಎಂದುಕೊಂಡು ಮುಂದೆ ಹೋಗುತ್ತಾರೆ.

ಸುಳಿವು ಇರುವುದು "ಒಬ್ಬ ಬರ್ತಾನೆ" ಎಂಬಲ್ಲಿ. "ನಾನು ಬರ್ತೀನಿ" ಎಂದಿದ್ದರೆ ಅದು ಹೇಳಿಕೆಯಾಗುತ್ತಿತ್ತು. "ಒಬ್ಬ" ಎಂದಾಗ ಅದು ಯಾರೆಂದು ಊಹಿಸುವ, ಅಥವಾ ಊಹಿಸದೆ ಇರುವ ಆಯ್ಕೆ ಆಕೆಗೆ ಸಿಗುತ್ತದೆ. ಮೂರನೇ ಅಧ್ಯಾಯ ಎಂದದ್ದು ಮೂರು ವಾರಕ್ಕೆ ಹೊಂದುತ್ತದೆ. ಅದು ಹೊಳೆಯದಿದ್ದರೂ ನಷ್ಟವಿಲ್ಲ. "ಮಾತು ಸ್ವಲ್ಪ ಜಾಸ್ತಿ" ಎಂದು ಕೀಟಲೆಯನ್ನು ತನ್ನ ಮೇಲೇ ಹಾಕಿಕೊಂಡದ್ದು ಉದ್ದೇಶಪೂರ್ವಕ. ಹಿಂದಿನ ಸಾಲು ಆಕೆಯ ಕಾಲೆಳೆದಿದೆ, ಇದು ತಕ್ಕಡಿ ಸಮ ಮಾಡುತ್ತದೆ. "ಕೊಲೆಗಾರ ಅಲ್ಲ" ಎಂಬ ಕೊನೆಯ ಎರಡು ಪದ ಆಕೆಗೆ ಬಿಟ್ಟುಕೊಟ್ಟ ಚೆಂಡು: ಪತ್ತೇದಾರಿ ಕಾದಂಬರಿ ಓದುವವಳು ಅದಕ್ಕೆ ತಿರುಗೇಟು ಕೊಡದೆ ಇರುವುದು ಕಷ್ಟ.

ಹೀಗಾಗಿ ಈ ಸಂದೇಶಕ್ಕೆ ಮೂರು ತರಹ ಉತ್ತರಿಸಬಹುದು. ಶುಭಾಶಯಕ್ಕೆ ಮಾತ್ರ "ಥ್ಯಾಂಕ್ಸ್" ಎನ್ನಬಹುದು. ಪುಸ್ತಕದ ವಾದ ಮುಂದುವರಿಸಬಹುದು. ಆ "ಒಬ್ಬ"ನ ಬಗ್ಗೆ ಮಾತಾಡಬಹುದು. ಯಾವುದನ್ನು ಆರಿಸಿದರೂ ಯಾರಿಗೂ ಮುಖಭಂಗವಿಲ್ಲ. ಮೊದಲ ಕರಡಿನಲ್ಲಿ ಇಲ್ಲದಿದ್ದದ್ದು ಇದೇ.

ಎಮೋಜಿ ಒಂದನ್ನೂ ಹಾಕಲಿಲ್ಲ. ಕಣ್ಣು ಮಿಟುಕಿಸುವ ಮುಖ ಇಲ್ಲಿ ಬಹಳ ಆಸೆ ಹುಟ್ಟಿಸುತ್ತದೆ, ಆದರೆ "ಒಬ್ಬ" ಎಂದು ಮರೆಮಾಡಿದ್ದನ್ನು ಅದು ಬಯಲು ಮಾಡುತ್ತದೆ. ಇಬ್ಬರೂ ಎಮೋಜಿ ಧಾರಾಳವಾಗಿ ಬಳಸುವವರಾದರೆ ಮೊದಲ ಸಾಲಿನ ಕೊನೆಗೆ ಒಂದು ಕೇಕ್ ಇರಲಿ, ಸುಳಿವಿನ ಪಕ್ಕದಲ್ಲಿ ಬೇಡ. ಲಿಪಿಯ ವಿಷಯದಲ್ಲೂ ಇಷ್ಟೇ: ಇಷ್ಟು ದಿನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಿದ್ದವರು ಅಂದು ಮಾತ್ರ ಕನ್ನಡ ಲಿಪಿಗೆ ಹೋದರೆ ಎಲ್ಲಿಂದಲೋ ನಕಲು ಮಾಡಿದಂತೆ ಕಾಣುತ್ತದೆ. ದಿನದ ಅಭ್ಯಾಸವೇ ಅಂದಿಗೂ ಇರಲಿ. "ವರ್ಷಾನಾದ್ರೂ", "ಮಾಡ್ಬೇಡಿ" ಎಂದು ಆಡುಮಾತಿನಲ್ಲೇ ಉಳಿಸಿಕೊಂಡದ್ದೂ ಅದಕ್ಕೇ.

ಯಾವಾಗ, ಎಲ್ಲಿ

ಸರಿಯಾಗಿ ಹನ್ನೆರಡಕ್ಕೆ ಕಳಿಸುವ ಯೋಚನೆಯನ್ನು ಆತ ಕೈಬಿಟ್ಟ. ಆ ಹೊತ್ತು ಮನೆಯವರದು, ಹಳೆಯ ಗೆಳತಿಯರದು. ಹೊಸಬನೊಬ್ಬ ಅಲ್ಲಿ ಬಂದರೆ, ಇವನು ಎಚ್ಚರವಿದ್ದು ಕಾದು ಕೂತಿದ್ದ ಎಂಬುದೇ ಸಂದೇಶಕ್ಕಿಂತ ಜೋರಾಗಿ ಕೇಳಿಸುತ್ತದೆ. ಹತ್ತೂವರೆ ದಾಟಿ ಎಂದೂ ಮಾತಾಡದವರಿಗೆ ಅದೂ ಒಂದು ಜಿಗಿತ. ಸಾಲದ್ದಕ್ಕೆ ಕರೆಗಳ ನಡುವೆ ಓದಿದ ಸಂದೇಶ ಅರೆಬರೆ ಓದಾಗುತ್ತದೆ. ಬೆಳಗಿನ ಏಳೆಂಟರ ಹೊತ್ತಿನಲ್ಲಿ ನೆಂಟರಿಷ್ಟರ ಹೂಗುಚ್ಛದ ಚಿತ್ರಗಳ ಸಾಲು. ಆತ ಆರಿಸಿದ್ದು ಹನ್ನೊಂದರ ಸುಮಾರು. ಮೊದಲ ನೂಕುನುಗ್ಗಲು ಮುಗಿದಿರುತ್ತದೆ, ರಜೆಯ ದಿನವಾದ್ದರಿಂದ ಆಕೆಗೆ ಬಿಡುವಿರುತ್ತದೆ, ಸಂಜೆಯ ಗದ್ದಲ ಇನ್ನೂ ದೂರವಿರುತ್ತದೆ. ರಜೆ ಇಲ್ಲದೆ ಕೆಲಸಕ್ಕೆ ಹೋಗಿದ್ದರೆ ಊಟದ ಬಿಡುವು ಸರಿಹೋಗುತ್ತಿತ್ತು. ಸಂಜೆ ಆರರ ನಂತರಕ್ಕೆ ಬಿಟ್ಟರೆ ಮರೆತು ಆಮೇಲೆ ನೆನಪಿಸಿಕೊಂಡಂತೆ ತೋರುತ್ತದೆ.

ಮದುವೆಯ ಗೆಳತಿ ಮಾಡಿದ ಒಂದು ಗುಂಪಿನಲ್ಲಿ ಇಬ್ಬರೂ ಇದ್ದರು. ಅಲ್ಲಿ ಎಲ್ಲರ ಸಾಲಿನಲ್ಲಿ ಒಂದು ಸರಳ ಶುಭಾಶಯ, ಆಕೆಗೆ ಬೇರೆಯಾಗಿ ಈ ಸಂದೇಶ. ಗುಂಪಿನಲ್ಲಿ ತುಂಟತನ ಮಾಡಿದರೆ ನಾಲ್ಕು ಜನ "ಓಹೋ" ಎನ್ನುತ್ತಾರೆ. ಆಕೆ ಎಲ್ಲರೆದುರು ದೂರ ಸರಿದು ತೋರಿಸಬೇಕಾಗುತ್ತದೆ, ಮನಸ್ಸಿನಲ್ಲಿ ಹಾಗಿಲ್ಲದಿದ್ದರೂ. ದನಿ ಸಂದೇಶವೂ ಬೇಡ. ಜನ ತುಂಬಿದ ಮನೆಯಲ್ಲಿ ಅದನ್ನು ಕೇಳುವುದು ಹೇಗೆ?

ಕಳಿಸುವ ಮೊದಲು ಇನ್ನೊಮ್ಮೆ ಓದುವುದು ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೇಲೂ 15 ನಿಮಿಷ ತಿದ್ದಬಹುದು, ಆದರೆ ತಿದ್ದಿದ ಗುರುತು ಪಕ್ಕದಲ್ಲೇ ಉಳಿಯುತ್ತದೆ. ಅಳಿಸಿದರೆ ಅಳಿಸಿದ ಗುರುತು. ತುಂಟ ಸಂದೇಶದ ಪಕ್ಕದಲ್ಲಿ ಆ ಗುರುತು ಕಂಡರೆ, ಅಳಿಸಿದ್ದರಲ್ಲಿ ಏನಿತ್ತು ಎಂಬ ಕುತೂಹಲ ಉಳಿದಿದ್ದನ್ನು ನುಂಗಿಹಾಕುತ್ತದೆ. ಸಣ್ಣ ಕಾಗುಣಿತ ತಪ್ಪಾಗಿದ್ದರೆ ಬಿಟ್ಟುಬಿಡಿ.

ಉತ್ತರ

ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಒಂದೂವರೆ ಗಂಟೆ ಕಳೆಯಿತು. ಈ ಹೊತ್ತಿನಲ್ಲೇ ಒಳ್ಳೆಯ ಸಂದೇಶಗಳು ಹಾಳಾಗುವುದು. "ಬೇಜಾರಾಯ್ತಾ?", "ಸುಮ್ನೆ ತಮಾಷೆಗೆ ಹೇಳಿದ್ದು", "ನೋಡಿದ್ರಾ?" ಎಂಬ ಎರಡನೇ ಸಂದೇಶ ಹೋಯಿತೆಂದರೆ ತಮಾಷೆಗೆ ಹೇಳಿದ್ದಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಉತ್ತರ ಬರುವವರೆಗೆ ಏನೂ ಕಳಿಸದೆ ಇರುವುದೇ ಸರಿ, ಆ ದಿನ ಪೂರ್ತಿ ಬರದಿದ್ದರೂ.

ಮಧ್ಯಾಹ್ನ ಆಕೆಯ ಉತ್ತರ: "ಥ್ಯಾಂಕ್ಯೂ ಪುಸ್ತಕ ಪೊಲೀಸ್! ಕೊಲೆಗಾರ ಯಾವಾಗ್ಲೂ ಹಾಗೇ ಹೇಳೋದು."

ಮೂರರಲ್ಲಿ ಮೂರನೇ ದಾರಿ. ಆ "ಒಬ್ಬ"ನನ್ನು ಆಕೆ ಗುರುತಿಸಿದ್ದಾಳೆ, ಅಡ್ಡಹೆಸರು ಹಿಡಿದು ಕರೆದಿದ್ದಾಳೆ, ಆಟ ಮುಂದುವರಿಸಿದ್ದಾಳೆ. ಆತ ಕಳಿಸಿದ್ದು ಒಂದೇ ಸಾಲು: "ಹಾಗಾದ್ರೆ ತನಿಖೆ ಆಗ್ಲೇಬೇಕು. ಮೊದಲು ಕೇಕ್ ಮುಗಿಸಿ." ದಿನವನ್ನು ಆಕೆಗೇ ಬಿಟ್ಟುಕೊಟ್ಟು ಮಾತಿನ ತುದಿಯನ್ನು ಮಾತ್ರ ಹಿಡಿದುಕೊಂಡ. ಅಂದೇ ಭೇಟಿಗೆ ಕರೆಯುವ ಉಮೇದು ಸಹಜ, ಆದರೆ ಹಾಗೆ ಕರೆದರೆ ಶುಭಾಶಯ ಬಂದದ್ದೇ ಇದಕ್ಕಾಗಿ ಎಂದು ಹಿಂದಿನಿಂದ ಅರ್ಥ ಬದಲಾಗುತ್ತದೆ.

ಬೇರೆ ಉತ್ತರಗಳು ಬಂದಿದ್ದರೆ? "ಥ್ಯಾಂಕ್ಯೂ ಸೋ ಮಚ್" ಜೊತೆ ಕೈಮುಗಿದ ಚಿತ್ರ ಬಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬಾರದು. ಅಂದು ಎಲ್ಲರಿಗೂ ಒಂದೇ ಉತ್ತರ ಅಂಟಿಸುತ್ತಾ ಹೋಗುವವರು ಬಹಳ. ಮುಂದಿನ ಎರಡು ಮೂರು ದಿನ ಮೊದಲಿನ ಹದದಲ್ಲೇ ಮಾತಾಡಿ, ಆಕೆ ಮೊದಲಿನಂತೆ ಪ್ರಶ್ನೆ ಕೇಳುತ್ತಾಳೆಯೇ, ತಾನಾಗಿ ಮಾತು ಶುರು ಮಾಡುತ್ತಾಳೆಯೇ ಎಂದು ನೋಡಬೇಕು. ಸಂದೇಶದ ಮೇಲೆ ಬರೀ ಒಂದು ಹೃದಯ ಒತ್ತಿದ್ದರೂ ಅಷ್ಟೇ. ಅದು ಸ್ವೀಕೃತಿಯ ಮುದ್ರೆ, ಒಪ್ಪಿಗೆಯ ಪತ್ರ ಅಲ್ಲ. ಕೊನೇ ಪುಟದ ಪರ ಉದ್ದುದ್ದ ವಾದ ಬಂದು ಆ "ಒಬ್ಬ"ನ ಸುದ್ದಿಯೇ ಇಲ್ಲದಿದ್ದರೆ, ಆಕೆಗೆ ಮಾತು ಬೇಕು, ಸುಳಿವು ಸದ್ಯಕ್ಕೆ ಬೇಡ ಎಂದು ಓದಬಹುದು. ಅದೇ ಸುಳಿವನ್ನು ಇನ್ನೊಮ್ಮೆ ತಳ್ಳಬಾರದು. "ಥ್ಯಾಂಕ್ಸ್ ಅಣ್ಣಾ" ಎಂದು ಬಂದರೆ ಓದುವುದಕ್ಕೆ ಹೆಚ್ಚೇನೂ ಇಲ್ಲ. ಇಷ್ಟು ದಿನ ಹೆಸರು ಹಿಡಿದೋ ಅಡ್ಡಹೆಸರಿನಲ್ಲೋ ಕರೆದವಳು ಅಂದು ಅಣ್ಣ ಮಾಡಿಕೊಂಡಳೆಂದರೆ ಅದು ಬಹಳ ಮೃದುವಾಗಿ ಹೇಳಿದ ಬಹಳ ಸ್ಪಷ್ಟ ಉತ್ತರ. "ಅಯ್ಯೋ ಹೀಗೆಲ್ಲ ಬೇಡ" ಎಂದರಂತೂ "ಸರಿ, ಗೊತ್ತಾಯ್ತು. ದಿನ ಚೆನ್ನಾಗಿರಲಿ" ಎಂದು ಅಲ್ಲಿಗೇ ನಿಲ್ಲಿಸಬೇಕು. ತಮಾಷೆ ಅರ್ಥವಾಗಲಿಲ್ಲವೇ ಎಂದು ವಿವರಿಸಲು ಹೊರಟರೆ ಉಳಿದ ಪರಿಚಯವೂ ಹೋಗುತ್ತದೆ.

ಇಡೀ ಲೆಕ್ಕಾಚಾರ ಅನ್ವಯಿಸದ ಸಂದರ್ಭಗಳೂ ಇವೆ. ಆಕೆ ಆತನ ಕೈಕೆಳಗೆ ಕೆಲಸ ಮಾಡುವವಳಾದರೆ, ಆತನ ವಿದ್ಯಾರ್ಥಿನಿಯಾದರೆ, "ಇಲ್ಲ" ಎನ್ನುವ ಸ್ವಾತಂತ್ರ್ಯವೇ ಆಕೆಗೆ ಪೂರ್ತಿ ಇರುವುದಿಲ್ಲ. ಅಲ್ಲಿ ಎಷ್ಟು ಹಗುರಾದ ಸುಳಿವೂ ಹಗುರಲ್ಲ. ಆಕೆ ಬೇರೆಯವರ ಜೊತೆಗಿದ್ದಾಳೆಂದು ಗೊತ್ತಿದ್ದರೂ ಅಷ್ಟೇ. ಆತನ ಕೊನೆಯ ಎರಡು ಮೂರು ಸಂದೇಶಕ್ಕೆ ಉತ್ತರವೇ ಬಂದಿಲ್ಲವಾದರೆ, ಹುಟ್ಟುಹಬ್ಬವನ್ನು ಬಾಗಿಲು ತಟ್ಟುವ ನೆಪ ಮಾಡಬಾರದು.

ಎರಡು ದಿನದ ನಂತರ

ಹದಿನಾರರ ಸಂಜೆ ಆತ ಬರೆದ: "ತನಿಖೆಗೆ ಆರೋಪಿ ಹಾಜರಾಗೋಕೆ ಸಿದ್ಧ. ಶನಿವಾರ ಸಂಜೆ ಕಾಫಿ ಕುಡೀತಾ ವಿಚಾರಣೆ ಮಾಡ್ತೀರಾ? ಆಗದಿದ್ರೆ ಜಾಮೀನು ಅಂದ್ಕೋತೀನಿ." ದಿನ ಒಂದು, ಹೊತ್ತು ಒಂದು, ಹೊರಗೆ ನಾಲ್ಕು ಜನರ ನಡುವೆ ಕೂರುವ ಜಾಗ, ಬೇಡವೆನ್ನಲು ನಗುತ್ತಲೇ ಹೊರಬರುವ ದಾರಿ. "ಯಾವಾಗಾದ್ರೂ ಸಿಗೋಣ" ಎಂದಿದ್ದರೆ ಆಕೆ "ಹೂಂ ಖಂಡಿತ" ಎನ್ನುತ್ತಿದ್ದಳು, ಆ ಯಾವಾಗಾದರೂ ಎಂಬುದು ಬರುತ್ತಲೇ ಇರಲಿಲ್ಲ.

ಆಕೆಯ ಉತ್ತರ: "ಶನಿವಾರ ಆಗಲ್ಲ. ಭಾನುವಾರ ಐದಕ್ಕೆ ಆಗುತ್ತೆ. ಸಾಕ್ಷಿಗಳ ಸಮೇತ ಬನ್ನಿ." ತಾನಾಗಿ ಬೇರೆ ದಿನ ಹೇಳುವುದು ಹೌದು ಎಂದೇ. ಅದರ ಬದಲು "ಈ ವಾರ ಸ್ವಲ್ಪ ಬಿಜಿ ಇದೀನಿ" ಎಂದು ನಿಲ್ಲಿಸಿದ್ದರೆ "ಪರವಾಗಿಲ್ಲ, ಜಾಮೀನು ಮಂಜೂರು" ಎಂದು ಬರೆದು, ಮುಂದಿನ ದಿನ ಹೇಳುವುದನ್ನು ಆಕೆಗೇ ಬಿಟ್ಟು, ಆತ ಮತ್ತೆ ಪುಸ್ತಕದ ಮಾತಿಗೆ ಮರಳಬೇಕಾಗಿತ್ತು.